ಮೂರನೆಯ ಸಲ ಕಂಡ ಬೇವಿನ ಮರ

ಏಕಾದಶಿಯ ಉಪವಾಸದಲ್ಲೂ ಹಟಮಾರಿ ವಾಮನರಾಯರು ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರು. ಸಕ್ಕರೆ ಪರೀಕ್ಷಿಸದೆ, ಹೆಂಡತಿ ಸುಭದ್ರಾಳನ್ನು ಕೂರಿಸಿಕೊಂಡು ಕುಷಾಯಿಗೂಡದಿಂದ ಕಾರು ಹೊರಡಿಸಿದರು.

ನಾರಾಯಣಗೂಡದ ಹತ್ತಿರ ಮೈ ಬೆವರಿತು, ಕೈ ನಡುಗಿತು. ಅದೇ ಬೇವಿನ ಮರ ಮೂರನೆಯ ಸಲ ಎದುರಾಯಿತು. ಹೆದರಿ ರಸ್ತೆ ಬದಿಗೆ ನಿಲ್ಲಿಸಿ, ಕೀಲಿ ತೆಗೆದು, ಸಕ್ಕರೆ ಮೀಟರಿನಲ್ಲಿ ನೋಡಿದರೆ ಐವತ್ತೊಂದು. ಗ್ಲೂಕೋಸ್ ನೀರು ಕುಡಿದರು. ಹದಿನೈದು ನಿಮಿಷಕ್ಕೆ ತೊಂಬತ್ತೆಂಟಾಯಿತು. ಬಿಸ್ಕತ್ತು ತಿಂದರು. ಇನ್ನೂ ಮುಕ್ಕಾಲು ಗಂಟೆ ಕಾರು ಓಡಿಸುವಂತಿಲ್ಲ.

ತಲೆ ತಿಳಿಯಾದಾಗ ಪಕ್ಕಕ್ಕೆ ತಿರುಗಿದರು. ಸೀಟಿನಲ್ಲಿ ಸುಭದ್ರಾಳ ಚೀಲವಷ್ಟೇ ಇತ್ತು.

ಮೊಬೈಲ್ ಹೊಡೆದುಕೊಂಡಿತು. ಸುಭದ್ರಾಳ ದನಿ.

“ಯಾರದೋ ಫೋನಿನಿಂದ ಮಾತಾಡಾಕತ್ತೀನ್ರಿ. ನನ್ನನ್ನ ಸ್ಮಶಾನದ ಗೇಟಿನ ಮುಂದ ಇಳಿಸಿ ಹೋದ್ರಲ್ಲ. ‘ನಿಮ್ಮ ಮನಿ ಬಂತು, ಇಳೀರಿ ತಾಯಿ’ ಅಂದ್ರಿ.”