ಸಾವಕಾರರ ಬೋರ್ಡಿನ ನಡುವಿನ ಸಾಲು

ಸೀರೆ ಅಂಗಡಿಯ ಅನಿಲಕುಮಾರ ಸಾವಕಾರರು ಮತ್ತೆ ಮೆಟ್ಟಿಲು ಹತ್ತುತ್ತಿರುವುದು ಕಂಡದ್ದೇ ತಡ, ಪದ್ಮಶ್ರೀಗೆ ತಲೆ ಚಿಟ್ಟು ಹಿಡಿಯಿತು. ಇಳಕಲ್ಲಿನಲ್ಲಿ ಬೋರ್ಡು ಮಾಡಿಕೊಡುವ ಅಂಗಡಿ ಅವಳದು. ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕು, ಅದೂ ಮೇಲ್ಗಡೆಯೇ ಇರಬೇಕು ಅಂತ ಕಾನೂನು ಬಂದ ಮೇಲೆ ಊರಿನ ವರ್ತಕರೆಲ್ಲ ಅವಳ ಜೀವ ಹಿಂಡುತ್ತಿದ್ದರು. ಆದರೆ ಈ ಸಾವಕಾರರಷ್ಟು ತಲೆ ತಿಂದವರು ಇನ್ನೊಬ್ಬರಿಲ್ಲ. ಅಕ್ಷರ ದಪ್ಪ ಮಾಡು, ತೆಳ್ಳಗೆ ಮಾಡು, ಹಸಿರು ಬೇಡ, ಕೆಂಪು ಬೇಡ, ಬಸವಣ್ಣನ ಚಿತ್ರ ಎಡಕ್ಕೆ ಸರಿಸು. ಅಬ್ಬಬ್ಬಾ!

“ನಾಳೆ ಮುಂಜಾನೆ ನಗರಸಭೆಯವರು ನೋಡಾಕ ಬರ್ತಾರ. ಇವತ್ತ ಮುಗಸ್ಬೇಕು ನೋಡ ತಂಗಿ,” ಎಂದು ಸಾವಕಾರರು ಕುರ್ಚಿ ಎಳೆದುಕೊಂಡರು. “ಹಳೇ ಬೋರ್ಡಿನ್ಯಾಗ ಇಂಗ್ಲಿಷು, ಮರಾಠಿ, ಕನ್ನಡ ಮೂರೂ ಅದಾವ. ಮೂರೂ ಒಂದಽ. ಕನ್ನಡದ್ದ ದೊಡ್ಡದ ಮಾಡಿ ಮ್ಯಾಲ ಇಡು, ಉಳದದ್ದ ಸಣ್ಣದ ಮಾಡಿ ಕೆಳಗ ಕುಂದರಸು. ಇದರಾಗ ತಲಿ ಕೆಡಿಸ್ಕೊಳ್ಳೂದ ಏನೈತಿ?”

ತಲೆ ಕೆಡಿಸಿಕೊಳ್ಳುವುದು ಇತ್ತು. ಹಳೆ ಬೋರ್ಡಿನ ಫೋಟೊವನ್ನು ದೊಡ್ಡದು ಮಾಡಿ ಅವಳು ಸಾಲು ಸಾಲಾಗಿ ಜೋಡಿಸುತ್ತ ಬಂದಳು. ಅಂಗಡಿಯ ಹೆಸರು ಮೂರೂ ಲಿಪಿಯಲ್ಲಿ ಅದೇ, ಅನುವಾದವೇನೂ ಬೇಕಿಲ್ಲ. ಫೋನ್ ನಂಬರೂ ಮೂರು ಬಗೆಯ ಅಂಕಿಗಳಲ್ಲಿ ಅದೇ. ಒಂದು ಸಲ ಇದ್ದರೆ ಸಾಕು. ಆದರೆ ‘ಫಿಕ್ಸ್ಡ್ ರೇಟ್’ ಇಂಗ್ಲಿಷಿನಲ್ಲಿ ಮಾತ್ರ ಇತ್ತು.

“ಒಂದಽ ದರ ಅಂತ ಕನ್ನಡದಾಗೂ ಹಾಕ್ಲೇನ್ರಿ?”

“ಏ, ಹುಚ್ಚಿ ಅದೀಯೇನು! ಚೌಕಾಸಿ ಇಲ್ಲಾಂದ್ರ ನಮ್ಮ ಹೆಣ್ಮಕ್ಕಳು ಮೆಟ್ಲ ಹತ್ತಾಂಗಿಲ್ಲ. ಅದನ್ನ ತಗದಽ ಬಿಡು.”

ತೆಗೆದಳು. ನಡುವಿನ ಮರಾಠಿ ಸಾಲಿಗೆ ಬಂದಾಗ ಅವಳ ಕೈ ನಿಂತಿತು. ಅವಳ ತವರು ಸೊಲ್ಲಾಪುರ, ಮರಾಠಿ ಓದಲು ಬರುತ್ತಿತ್ತು. ಈ ಬೋರ್ಡಿನ ಕೆಳಗೆ ದಿನಾ ಓಡಾಡುತ್ತಿದ್ದರೂ, ಮೇಲಿನದನ್ನೇ ಮತ್ತೆ ಬರೆದಿದ್ದಾರೆ ಅಂದುಕೊಂಡು ಆ ಸಾಲಿನತ್ತ ಕಣ್ಣೆತ್ತಿ ನೋಡಿರಲಿಲ್ಲ. ಹೆಸರಿನ ಕೆಳಗೆ ಮರಾಠಿಯಲ್ಲಿ ಇನ್ನೊಂದು ಮಾತಿತ್ತು: ‘ಇಲ್ಲಿ ಕೈಮಗ್ಗದ ಸೀರೆ ಮಾತ್ರ ಸಿಗುತ್ತದೆ.’

ಅವಳಿಗೆ ಮೈಯೆಲ್ಲ ಉರಿಯಿತು. ಅವಳ ಅತ್ತೆ ರೇಣವ್ವ ಇದೇ ಸಾವಕಾರರಿಗೆ ವರ್ಷಾನುಗಟ್ಟಲೆ ನೇಯ್ದುಕೊಟ್ಟವಳು. ಹೋದ ಪಂಚಮಿಯ ಹೊತ್ತಿಗೆ ಇವರು, ಕೈಮಗ್ಗದ ಸೀರೆಯನ್ನು ಈಗ ಯಾರೂ ಕೇಳುವುದಿಲ್ಲ ಎಂದು ಹೇಳಿ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಕೊಡುವುದನ್ನೇ ನಿಲ್ಲಿಸಿದ್ದರು. ಅಂಗಡಿಯ ತುಂಬ ಈಗ ಪವರ್‌ಲೂಮಿನ ಸೀರೆ. ಹಾಸಿಲ್ಲದ ಮಗ್ಗದ ಕುಣಿಯಲ್ಲಿ, ನೇಯುವಾಗ ಕಾಲು ಇಳಿಬಿಡುವ ತಗ್ಗಿನಲ್ಲಿ, ಜೋಳದ ಚೀಲ ಇಟ್ಟುಕೊಂಡು ಅತ್ತೆ ಬಾಗಿಲಲ್ಲಿ ಸುಮ್ಮನೆ ಕೂರುತ್ತಿದ್ದಳು. ಅದನ್ನು ನೋಡಲಾರದೆ ಪದ್ಮಶ್ರೀ ಬೇಗ ಬೇಗ ಅಂಗಡಿಗೆ ಬಂದುಬಿಡುತ್ತಿದ್ದಳು.

“ಸಾವಕಾರ್ರ, ಈ ಸಾಲು ಕನ್ನಡದಾಗ ಇಲ್ರಿ. ಕೈಮಗ್ಗದ ಸೀರಿ ಮಾತ್ರ ಅಂತ ಬರದೈತಿ.”

ಸಾವಕಾರರು ಕನ್ನಡಕ ಸರಿಮಾಡಿಕೊಂಡರು. “ಅದು ನಮ್ಮಪ್ಪ ಬರಿಸಿದ್ದು. ಮರಾಠಿ ಮಂದಿ ಅದನ್ನ ನೋಡಿಽ ಒಳಗ ಬರ್ತಾರ. ಅದು ಹಂಗಽ ಇರ್ಲಿ, ಕನ್ನಡಕ್ಕ ತರಬ್ಯಾಡ.”

“ಯಾಕ್ರಿ?”

“ನಮ್ಮ ಮಂದಿಗೆ ಎಲ್ಲಾ ಗೊತ್ತಿರ್ತೈತೆವಾ, ಬೋರ್ಡ ಯಾಕ ಬೇಕು?”

“ಗೊತ್ತಿರ್ತೈತಿ ಅಂತಽ ಕನ್ನಡದಾಗ ಹಾಕವಲ್ರಿ ನೀವು! ಹೆಸರು ಎರಡನೇ ಸಲ ಬಂದೈತಿ, ತಗೀತೇನಿ. ನಂಬರು ತಗೀತೇನಿ. ಇದು ಒಂದಽ ಸಲ ಐತ್ರಿ. ಬರದ್ರ ಕನ್ನಡದಾಗೂ ಬರೀತೇನಿ, ಇಲ್ಲಾಂದ್ರ ಮರಾಠಿಯಾಗಿಂದೂ ತಗೀತೇನಿ. ಒಪ್ಪಿಗಿ ಇಲ್ಲಾಂದ್ರ ಬ್ಯಾರೆ ಕಡೆ ಹೋಗ್ರಿ.”

ಬೇರೆ ಕಡೆ ಎಲ್ಲಿ? ಊರಿನ ಬೋರ್ಡಿನವರೆಲ್ಲ ಮೂಗಿನವರೆಗೆ ಕೆಲಸ ಹಚ್ಚಿಕೊಂಡಿದ್ದರು. ಮರಾಠಿ ಸಾಲು ತೆಗೆದರೆ ಸೊಲ್ಲಾಪುರದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತದೆ. ಸಾವಕಾರರು ಹಲ್ಲು ಕಡಿದರು.

“ಹಾಕವಾ, ಹಾಕು! ಈ ಊರಾಗ ಬೋರ್ಡ ಓದಾವರ ಯಾರದಾರ?”

ಮರುದಿನ ಮುಂಜಾನೆ ಬೋರ್ಡು ಏರಿತು. ನಗರಸಭೆಯವರು ನೋಡಿ, ತಲೆಯಾಡಿಸಿ ಹೋದರು. ಆಮೇಲೆ ಓದುವವರು ಶುರುವಾದರು. ಎದುರಿನ ಚಹಾದಂಗಡಿಯ ಬಸಯ್ಯ ರಸ್ತೆಯ ನಡುವೆಯೇ ನಿಂತು, “ಏನ್ರಿ ಸಾವಕಾರ್ರ, ಮಗ್ಗ ಯಾವಾಗ ಹೂಡಿದ್ರಿ?” ಎಂದು ಕೂಗಿದ. ಮಧ್ಯಾಹ್ನ ಹುನಗುಂದದಿಂದ ಕುಮುದಿನಿ ಟೀಚರ್ ಮಗಳ ಮದುವೆ ಜವಳಿಗೆ ಬಳಗವನ್ನೆಲ್ಲ ಕಟ್ಟಿಕೊಂಡು ಬಂದರು. ಸೆರಗೂ ಮೈಯೂ ಕೂಡುವ ಕಡೆ ಕೈಯಿಂದ ಹಾಕಿದ ಕೊಂಡಿ ಇದೆಯೇ ಎಂದು ಸೀರೆ ತಿರುವಿ ನೋಡಿ, “ಇದ ಮಗ್ಗದ್ದಲ್ಲ. ಬೋರ್ಡಿನ್ಯಾಗ ಬರದದ್ದ ತೋರಸ್ರಿ,” ಎಂದರು. ತೋರಿಸಲು ಒಂದೂ ಇರಲಿಲ್ಲ. ಬಂದ ಬಳಗ ಹಾಗೇ ಎದ್ದು ಹೋಯಿತು.

ಸಂಜೆ ಸಾವಕಾರರು ಪದ್ಮಶ್ರೀಯ ಮನೆಗೇ ಬಂದರು. ಅವಳತ್ತ ನೋಡದೆ, ಬಾಗಿಲಲ್ಲಿ ಕೂತಿದ್ದ ರೇಣವ್ವನ ಮುಂದೆ ನಿಂತು ಕೆಮ್ಮಿದರು.

“ರೇಣವ್ವ, ಸೀರಿ ಬೇಕಾಗ್ಯಾವ. ಎಂದ ಕೊಡ್ತಿ?”

“ಯಾರೂ ಕೇಳೂದಿಲ್ಲ ಅಂದಿದ್ರೆಲ್ರಿ. ಈಗ ಯಾರು ಕೇಳಿದ್ರು?”

“ನಮ್ಮ ಮಂದೀನಽ ಕೇಳಾಕತ್ತಾರವಾ. ಮರ್ಯಾದಿ ತಗಿಯಾಕತ್ತಾರ.”

ರೇಣವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು. “ಬೋರ್ಡ ಒಂದ ದಿನದಾಗ ಬರಿಬಹುದು ಸಾವಕಾರ್ರ. ಸೀರಿ ಹಂಗ ಬರೂದಿಲ್ಲ. ಮೊದಲ ಹಾಸು ಕಳಸ್ರಿ,” ಎಂದವಳು ಒಳಗೆ ಹೋಗುತ್ತ ಸೊಸೆಯನ್ನು ಕರೆದಳು. “ಪದ್ಮಾ, ಬಾ ಇಲ್ಲಿ. ಜೋಳದ ಚೀಲಕ್ಕ ಕೈ ಹಚ್ಚು.”