ಕಾಟಪ್ಪನ ಸ್ಟಿಕ್ಕರು, ಪಾಪಣ್ಣನ ಹೆಬ್ಬೆಟ್ಟು

ಹೋಳಿಗೆ ಬಾಯಿಗೆ ಬಿದ್ದೊಡನೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಮಡಕಶಿರದ ಕಾಟಪ್ಪನಿಗೆ ಹುಟ್ಟಿನಿಂದಲೇ ಇದ್ದಿರಬೇಕು. ಅದರಲ್ಲಿ ತಪ್ಪೇನಿಲ್ಲ. ಆದರೆ ಆತ ತಮ್ಮನ ಮಗನಿಗೆ ಹೆಣ್ಣು ನೋಡಲು ರಾಯದುರ್ಗಕ್ಕೆ ಬಂದ ದಿನ, ಪಾಪಣ್ಣನ ಮನೆಯ ಪಡಸಾಲೆಯಲ್ಲಿ ಎಲೆಯ ಮುಂದೆ ಕೂತು, ಕತ್ತು ಒಂದು ಕಡೆ ವಾಲಿಸಿ, ಬಾಯಿ ಅರ್ಧ ತೆರೆದು ಮೋಕ್ಷ ಪಡೆಯುತ್ತಿದ್ದ ಗಳಿಗೆಯನ್ನು ಪಾಪಣ್ಣನ ಮಗಳು ಮಂಜುಳ ಅಡುಗೆಮನೆ ಬಾಗಿಲ ಸಂದಿಯಿಂದ ಮೊಬೈಲಿನಲ್ಲಿ ಹಿಡಿದಳು. ನೋಡಿಸಿಕೊಳ್ಳಬೇಕಾದ ಹೆಣ್ಣು ಅವಳೇ. ತಪ್ಪು ಶುರುವಾದದ್ದು ಅಲ್ಲಿ.

ಗಂಡಿನ ಹೆಸರು ನಾಗಾರ್ಜುನ. ತಂದೆಯಿಲ್ಲದ ಅವನನ್ನು ಸಾಕಿದವನು ದೊಡ್ಡಪ್ಪ ಕಾಟಪ್ಪನೇ, ಆದ್ದರಿಂದ ಮದುವೆಯ ದಿನ ಗೊತ್ತುಮಾಡುವ ಮಾತು ಅವನ ಬಾಯಿಂದಲೇ ಬರಬೇಕು. ನಾಗಾರ್ಜುನನ ತಂಗಿ ಹೇಮಶ್ರೀ ಮಂಜುಳನ ಜೊತೆ ಅನಂತಪುರದ ಹಾಸ್ಟೆಲಿನಲ್ಲಿ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದ ಗೆಳತಿ. ಸಂಬಂಧ ಕುದುರಿಸಿದವಳೂ ಅವಳೇ. ಮಂಜುಳನಿಗೆ ನಾಗಾರ್ಜುನ ಇಷ್ಟವಾಗಿದ್ದ. ಇಷ್ಟ ಎಂದರೆ, ಅವನು ಹೋದ ಮೇಲೆ ಅವನು ಕುಡಿದ ಲೋಟವನ್ನು ತೊಳೆಯಲು ತಡಮಾಡಿದಳು, ಅಷ್ಟು ಇಷ್ಟ.

ಹೀಗಿದ್ದೂ ಅವಳು ಆ ಫೋಟೋದಿಂದ ಸ್ಟಿಕ್ಕರು ಮಾಡಿದಳು. ಈಗ ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಫೋಟೋ ಕೊಟ್ಟರೆ ವಾಟ್ಸ್ಯಾಪೇ ಗೋಡೆ, ಕ್ಯಾಲೆಂಡರು, ಎಲೆ ಎಲ್ಲವನ್ನೂ ಕತ್ತರಿಸಿ ಬಿಸಾಕಿ, ಮನುಷ್ಯನೊಬ್ಬನಿಗೆ ಬಿಳಿ ಅಂಚು ಹಚ್ಚಿ ಕೊಡುತ್ತದೆ. ಎಲೆ ಹೋಯಿತು, ಹೋಳಿಗೆ ಹೋಯಿತು, ಕಣ್ಣು ಮುಚ್ಚಿದ ಕಾಟಪ್ಪ ಉಳಿದ.

ಮೊದಲು ಹೇಮಶ್ರೀಗೆ ಕಳಿಸಿದಳು. ಅವಳಿಂದ ಸಾಲಾಗಿ ತಲೆಬುರುಡೆಗಳೂ ಕೊನೆಗೊಂದು ಶವಪೆಟ್ಟಿಗೆಯೂ ಬಂದವು. ನಕ್ಕು ನಕ್ಕು ಸತ್ತೆ ಎಂದು ಅದರ ಅರ್ಥ. ಅದೇ ಬುರುಡೆಗಳನ್ನು ಮಂಜುಳನ ಅಜ್ಜಿ ನೋಡಿದ್ದರೆ ಮನೆಗೆ ಮಾಟ ಮಾಡಿಸಿದ್ದಾರೆಂದು ನಿಂಬೆಹಣ್ಣು ಕೊಯ್ಯುತ್ತಿದ್ದಳು. ಆಮೇಲೆ ಅಣ್ಣತಮ್ಮಂದಿರ ಗುಂಪಿಗೆ ಹಾಕಿದಳು. ಚಿಕ್ಕಪ್ಪನ ಮಗ ಚಿರಂಜೀವಿ ಅದನ್ನು ಉಳಿಸಿಕೊಂಡು ಎಲ್ಲದಕ್ಕೂ ಬಳಸತೊಡಗಿದ. ಸಂಬಳ ಬಂದರೆ ಕಾಟಪ್ಪ, ಮ್ಯಾಚು ಗೆದ್ದರೆ ಕಾಟಪ್ಪ, ಬಿರಿಯಾನಿ ಚೆನ್ನಾಗಿದ್ದರೂ ಕಾಟಪ್ಪ. ಅಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ಎರಡೂ ಮನೆಯವರಿಗೆಂದು ಮಾಡಿದ್ದ ‘ಬೀಗರ ಬಳಗ’ ಎಂಬ ಗುಂಪಿನಲ್ಲಿ ಒಂದು ದಿನ ಕಾಟಪ್ಪ, ಹುಡುಗಿಗೆ ನಮ್ಮ ಮನೆ ಒಪ್ಪಿಗೆಯೇ ಎಂದು ಕೇಳಿದ. ಮಂಜುಳ ಕೈ ಮುಗಿದ ಸ್ಟಿಕ್ಕರೊಂದನ್ನು ಕಳಿಸಲು ಹೋದಳು. ಆದರೆ ಹೆಚ್ಚು ಬಳಸಿದ ಸ್ಟಿಕ್ಕರು ಸಾಲಿನ ಮುಂದೆ ಬಂದು ಕೂತಿರುತ್ತದೆ, ಬೆರಳು ತಾಗಿದರೆ ಕಳಿಸಲೇ ಎಂದು ಕೇಳದೆ ಹೊರಟುಬಿಡುತ್ತದೆ. ಹೊರಟಿತು. ಗಾಬರಿಯಲ್ಲಿ ಅಳಿಸಲು ಹೋಗಿ ‘ಎಲ್ಲರಿಗೂ ಅಳಿಸು’ ಎನ್ನುವುದರ ಬದಲು ‘ನನಗೆ ಮಾತ್ರ ಅಳಿಸು’ ಎಂಬುದನ್ನು ಒತ್ತಿದಳು. ತಪ್ಪಾಯಿತೇ ಎಂದು ಕೇಳುವ ಪಟ್ಟಿಯೊಂದು ಕೆಳಗೆ ಕೆಲವು ಗಳಿಗೆ ನಿಂತಿತ್ತು. ಆಗ ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಈಗ ಆ ಸ್ಟಿಕ್ಕರು ಅವಳಿಗೊಬ್ಬಳಿಗೆ ಕಾಣುವುದಿಲ್ಲ, ಜಗತ್ತಿಗೆಲ್ಲ ಕಾಣುತ್ತದೆ. ಅದನ್ನು ತೆಗೆಯುವ ಅಧಿಕಾರ ಇನ್ನು ಗುಂಪಿನ ಅಡ್ಮಿನ್‌ಗೆ ಮಾತ್ರ, ಅಡ್ಮಿನ್ ಸ್ವತಃ ಕಾಟಪ್ಪ.

ಅವಳು ಬೈಗುಳ ಕಾಯುತ್ತಿದ್ದಳು, ಬಂದದ್ದು ಆನಂದದ ವಾಯ್ಸ್ ಮೆಸೇಜು. ಬಸ್ ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ದೊಡ್ಡ ಮನುಷ್ಯರನ್ನು ಹೀಗೇ ಕತ್ತರಿಸಿ ಅಂಚು ಕಟ್ಟಿ ನಿಲ್ಲಿಸಿರುವುದನ್ನು ಕಾಟಪ್ಪ ಎಷ್ಟೋ ಸಲ ಆಸೆಯಿಂದ ನೋಡಿದ್ದ. ಈಗ ಬರುವ ಸೊಸೆ ತನಗೂ ಆ ಗೌರವ ಮಾಡಿದ್ದಾಳೆ. ಸ್ಟಿಕ್ಕರನ್ನು ಒತ್ತಿ ತನ್ನ ಮೆಚ್ಚಿನವುಗಳಿಗೆ ಸೇರಿಸಿಕೊಂಡ. ಮಂಜುಳ ಬದುಕಿದೆನೆಂದುಕೊಂಡಳು.

ಕಣೇಕಲ್ಲು, ಬೊಮ್ಮನಹಾಳ್, ರಾಯದುರ್ಗ, ಮಡಕಶಿರದ ಹಿರಿಯರೆಲ್ಲ ಇರುವ ಇನ್ನೊಂದು ಗುಂಪಿತ್ತು, ನೆಂಟರ ಗುಂಪು. ‘ಬೀಗರ ಬಳಗ’ದಲ್ಲಿ ಹಾಕುವಂತೆ ಅದರಲ್ಲೂ ಕಾಟಪ್ಪ ದಿನಾ ಬೆಳಿಗ್ಗೆ ಒಂದು ಗುಲಾಬಿ, ಒಂದು ಮುಗಿದ ಕೈ ಹಾಕುತ್ತಿದ್ದ. ಟೈಪು ಮಾಡುವ ತಾಳ್ಮೆ ಅವನಿಗಿಲ್ಲ. ಒಂದು ಸೋಮವಾರ ಮೊದಲು ತನ್ನ ಸ್ಟಿಕ್ಕರು ಹಾಕಿ, ಕೆಳಗೆ ಎಂದಿನ ಗುಲಾಬಿಯನ್ನೂ ಕೈಯನ್ನೂ ಇಟ್ಟು, ಫೋನು ಚಾರ್ಜಿಗೆ ಹಾಕಿ, ತನ್ನ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಸಾಕಣೆ ಮನೆಗೆ ಹೋದ.

ಕಣ್ಣು ಮುಚ್ಚಿದ ಮುದುಕ, ಗುಲಾಬಿ, ಮುಗಿದ ಕೈ. ಹಿರಿಯರ ಗುಂಪಿನಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ. ಅವನದೇ ನಂಬರಿನಿಂದ ಬಂದಿದೆಯಲ್ಲ ಎಂದು ಯಾರೂ ಅನುಮಾನಿಸಲಿಲ್ಲ. ಸತ್ತವರ ಫೋನಿನಿಂದ ಮನೆಯವರು ಸುದ್ದಿ ಹಾಕುವುದು ಇದ್ದದ್ದೇ. ಕಣೇಕಲ್ಲಿನ ಓಬಳಪ್ಪ ಮೊದಲು ‘ಓಂ ಶಾಂತಿ’ ಬರೆದು, ಪಕ್ಕದಲ್ಲಿ ನಕ್ಕು ಕಣ್ಣೀರು ಬಂದ ಮುಖವನ್ನು ಐದಾರು ಸಲ ಒತ್ತಿದ. ಅದು ಅಳುವ ಮುಖವೆಂದೇ ಅವನ ನಂಬಿಕೆ, ಕಣ್ಣೀರು ಕಾಣಿಸುತ್ತದಲ್ಲ. ಆಮೇಲೆ ಮುಗಿದ ಕೈಗಳ ಮೆರವಣಿಗೆ ಹೊರಟಿತು. ಒಂದಿಬ್ಬರು ಫೋನು ಮಾಡಿದರು, ಯಾರೂ ಎತ್ತಲಿಲ್ಲ, ಸುದ್ದಿ ಗಟ್ಟಿಯಾಯಿತು.

ಪಾಪಣ್ಣನೂ ನೋಡಿದ. ಅವನು ಮೇಲೆತ್ತಿದ ಹೆಬ್ಬೆಟ್ಟಿನ ಗುರುತೊಂದನ್ನು ಒತ್ತಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬೀಗರಾಗುವವರು ಹೋಗಿಬಿಟ್ಟರೆಂದು ಮನೆಯಲ್ಲಿ ಹೇಳಿದ. ಮಂಜುಳ ಫೋನಿಗೆ ಕೈ ಹಾಕಿದಳು. ಆ ಮನೆಯಲ್ಲಿ ಸಾವಾದರೆ ಮದುವೆ ವರ್ಷ ಮುಂದಕ್ಕೆ ಹೋಗುತ್ತದೆ, ವರ್ಷದಲ್ಲಿ ಏನು ಬೇಕಾದರೂ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನು ನಕ್ಕ ಮುಖ ಸತ್ತುಹೋಗಿದೆ ಎನ್ನುವುದು ಅವಳನ್ನು ಕಾಡಿತು. ಹೇಮಶ್ರೀ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಫೋನು ಚೀಲದಲ್ಲಿತ್ತು. ನಾಗಾರ್ಜುನನೂ ಎತ್ತಲಿಲ್ಲ. ಅವಳು ತಾನೂ ಬರುತ್ತೇನೆಂದು ಅಪ್ಪನ ಹಿಂದೆ ಹೊರಟಳು. ಪಾಪಣ್ಣ ಬಸ್ ಸ್ಟ್ಯಾಂಡಿನಲ್ಲಿ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿಸಿಕೊಂಡ.

ಕಲ್ಯಾಣದುರ್ಗದ ದಾರಿಯಲ್ಲಿ ಅಪ್ಪ ತೂಕಡಿಸಿದಾಗ ಅವನ ಫೋನು ತೆಗೆದು ನೋಡಿದಳು. ಗುಂಪಿನಲ್ಲಿದ್ದದ್ದು ಅವಳದೇ ಸ್ಟಿಕ್ಕರು. ಬಿಳಿ ಅಂಚು, ವಾಲಿದ ಕತ್ತು, ತುಟಿಯ ಮೂಲೆಯಲ್ಲಿ ಹೋಳಿಗೆಯ ಚೂರು ಕೂಡ ಹಾಗೇ ಇತ್ತು.

ಅಷ್ಟರಲ್ಲಿ ಹೇಮಶ್ರೀಯ ಫೋನು ಬಂತು. ಮನೆಗೆ ಫೋನು ಮಾಡಿ ಕೇಳಿದೆ, ದೊಡ್ಡಪ್ಪ ಕಲ್ಲುಗುಂಡಿನ ಹಾಗಿದ್ದಾನೆ, ಈಗಷ್ಟೇ ಮುದ್ದೆ ಉಂಡನಂತೆ ಎಂದಳು. ಮಂಜುಳನಿಗೆ ಜೀವ ಬಂದಹಾಗಾಯಿತು. ಆದರೆ ಹೇಮಶ್ರೀಯ ಮಾತು ಇನ್ನೂ ಮುಗಿದಿರಲಿಲ್ಲ. ಕಾಟಪ್ಪ ಫೋನು ತೆಗೆದು ತನ್ನ ಸಾವಿನ ಸುದ್ದಿಯನ್ನು ಮೇಲಿನಿಂದ ಕೆಳಗೆ ಓದಿದ್ದ, ಮೊದಲು ತಮಾಷೆಯೆನಿಸಿತ್ತು, ಆಮೇಲೆ ಪಾಪಣ್ಣನ ಹೆಬ್ಬೆಟ್ಟಿನ ಹತ್ತಿರ ನಿಂತುಬಿಟ್ಟಿದ್ದ. ಅವನ ಪ್ರಕಾರ ಹೆಬ್ಬೆಟ್ಟೆಂದರೆ ಭೇಷ್, ಒಳ್ಳೆಯದಾಯಿತು. ಊರೆಲ್ಲ ಕೈ ಮುಗಿದಿದೆ, ಬೀಗನಾಗುವವನು ನಾನು ಸತ್ತದ್ದಕ್ಕೆ ಭೇಷ್ ಎಂದಿದ್ದಾನೆ, ಈ ಸಂಬಂಧ ನಮಗೆ ಬೇಡ ಎಂದು ಹೇಳಿ, ಬದುಕಿದ್ದೇನೆಂದು ಗುಂಪಿಗೂ ತಿಳಿಸದೆ ಜಗಲಿಯ ಮೇಲೆ ಕೂತಿದ್ದಾನಂತೆ.

ಅಪ್ಪನ ಹೆಬ್ಬೆಟ್ಟು ಮಂಜುಳನಿಗೆ ಗೊತ್ತಿತ್ತು. ಕುರಿ ಸಂತೆಗೆ ಬಾ ಎಂದರೆ ಹೆಬ್ಬೆಟ್ಟು, ಮೇವು ತೀರಿದೆ ಎಂದರೆ ಹೆಬ್ಬೆಟ್ಟು. ನೋಡಿದೆ, ಹೊರಟೆ ಎಂದು ಅದರ ಅರ್ಥ. ಅವಳೂ ಮೊದಲು ಅದಕ್ಕೆ ಉರಿದುಬೀಳುತ್ತಿದ್ದಳು. ಗೆಳತಿಯರ ನಡುವೆ ಬರೀ ಹೆಬ್ಬೆಟ್ಟು ಬಂತೆಂದರೆ ಜಗಳವೆಂದೇ ಲೆಕ್ಕ.

ಅಪ್ಪನನ್ನು ಎಬ್ಬಿಸಿ ಎಲ್ಲ ಹೇಳಿದಳು, ಸ್ಟಿಕ್ಕರಿನ ಕಥೆಯನ್ನೂ ಸೇರಿಸಿ. ಪಾಪಣ್ಣ ಹೂವಿನ ಹಾರದ ಕಡೆಗೊಮ್ಮೆ, ಮಗಳ ಕಡೆಗೊಮ್ಮೆ ನೋಡಿ, ಬದುಕಿದ್ದವರ ಮನೆಗೆ ಇದನ್ನು ಹಿಡಿದು ಹೋಗುವುದು ಹೇಗೆ, ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ಹೋಗೋಣವೆಂದ.

“ತಿರುಗಿ ಹೋದ್ರ ಆ ಹೆಬ್ಬೆಟ್ಟಿಗೆ ಅವರು ಹೇಳಿದ್ದ ಅರ್ಥ ಆಗ್ತೈತಪ್ಪ,” ಎಂದಳು ಮಂಜುಳ. “ನೀ ಹೊಂಟೀಯಲ್ಲ, ಹೋಗಿ ನಿಂದ್ರು.”

ಪಾಪಣ್ಣ ಹಾರವನ್ನು ಕೈಚೀಲಕ್ಕೆ ತುರುಕಿದ. ಅರ್ಧ ಹೊರಗೇ ಉಳಿಯಿತು.

ಕಾಟಪ್ಪ ಜಗಲಿಯ ಮೇಲೆಯೇ ಇದ್ದ. ಬರ್ರಿ ಎನ್ನಲಿಲ್ಲ, ಬರಬೇಡಿ ಎನ್ನಲೂ ಇಲ್ಲ. ನಾಗಾರ್ಜುನ ಬಾಗಿಲಲ್ಲಿ ನಿಂತು ಮಂಜುಳನನ್ನು ನೋಡಿದ, ದೊಡ್ಡಪ್ಪನನ್ನು ನೋಡಿದ. ಕಾಟಪ್ಪ ಫೋನನ್ನು ಪಾಪಣ್ಣನ ಮುಖಕ್ಕೆ ಹಿಡಿದು, “ಇದೇನು ಬೀಗ್ರೆ? ನಾನು ಸತ್ತಿದ್ದು ಅಷ್ಟು ಚೆನ್ನಾಗಿತ್ತಾ?” ಎಂದ.

ಪಾಪಣ್ಣ ಬೆವರು ಒರೆಸಿಕೊಂಡ. “ನನಗ ಅದೊಂದ ಒತ್ತಾಕ ಬರೋದ್ರಿ. ನೋಡೀನಿ, ಹೊಂಟೀನಿ ಅಂತ ಒತ್ತೀನಿ.”

ಕಾಟಪ್ಪನ ಮುಖ ಸಡಿಲಾಗಲಿಲ್ಲ. ಆಗ ಮಂಜುಳ ಮುಂದೆ ಬಂದಳು. “ಮಾವಾರ, ಆ ಚಿತ್ರ ಮಾಡಿದಾಕಿ ನಾನ. ಗೌರವಕ್ಕಲ್ಲ, ನಗಾಕ ಮಾಡಿದ್ದೆ. ಬೈಯೋದಿದ್ರ ನನಗ ಬೈರಿ. ಆದ್ರ ಕೈ ಮುಗಿದೋರು ಅಷ್ಟು ಮಂದಿ ಅದಾರ, ನಿಮ್ಮ ಜಗಲಿ ಮ್ಯಾಲ ಯಾರರ ಅದಾರೇನ್ರಿ? ಬಸ್ ಹತ್ತಿ ಬಂದದ್ದು ಹೆಬ್ಬೆಟ್ಟು ಒಂದ.”

ಕಾಟಪ್ಪ ಅತ್ತ ಇತ್ತ ನೋಡಿದ. ಜಗಲಿಯ ಮೇಲೆ ಒಂದು ನಾಯಿ, ಕಡಲೆಕಾಯಿ ಸಿಪ್ಪೆಯ ರಾಶಿ, ಮತ್ತೆ ತಾನು. ಪಕ್ಕದ ಊರಿನವರೂ ಬಂದಿರಲಿಲ್ಲ. ಇನ್ನೂ ಮುಗಿದ ಕೈಗಳು ಫೋನಿನಲ್ಲಿ ಟಿಣ್ ಟಿಣ್ ಎನ್ನುತ್ತಲೇ ಇದ್ದವು. ಆತನಿಗೆ ಸಂಕಟವಾಯಿತು, ಅದನ್ನು ಮುಚ್ಚಿಕೊಳ್ಳಲು ಬರಲಿಲ್ಲ. ಪಾಪಣ್ಣನ ಕೈಚೀಲದ ಕಡೆ ಕಣ್ಣು ಹಾಯಿಸಿ ಕೇಳಿದ:

“ಆ ಚೀಲ್ದಾಗೇನೈತೆ?”

ಪಾಪಣ್ಣ ಚೀಲವನ್ನು ಹಿಂದಕ್ಕೆ ಸರಿಸಿದ. ಕಾಟಪ್ಪನೇ ಎದ್ದು ಬಂದು ಹಾರವನ್ನು ಹೊರಗೆಳೆದ, ಎತ್ತಿ ಹಿಡಿದು ತೂಕ ನೋಡಿದ, ಬಾಡಿದ ಹೂವೊಂದನ್ನು ಕಿತ್ತುಹಾಕಿದ. ಪರವಾಗಿಲ್ಲ, ದಪ್ಪನೇದೇ ತಂದವ್ರೆ ಎಂದು ಗೊಣಗಿದ. ಆಮೇಲೆ ಹಾರವನ್ನು ಪಾಪಣ್ಣನ ಕೈಗೇ ಕೊಟ್ಟು, ಶಾಲೆಯಿಂದ ಆಗಷ್ಟೇ ಬಂದ ಹೇಮಶ್ರೀಯನ್ನು ಕರೆದು ಫೋಟೋ ಹಿಡಿಯಲು ಹೇಳಿದ. ಬದುಕಿದ್ದವನ ಎದುರು ಹೆಣದ ಹಾರ ಹಿಡಿದು ಬಾಯಿ ಬಿಟ್ಟುಕೊಂಡು ನಿಂತ ಪಾಪಣ್ಣ ಸೊಗಸಾಗಿ ಬಂದ.

ಊಟ ಹಾಕಿ ಕಳಿಸಿದರು. ಮದುವೆಯ ಮಾತು ಯಾರೂ ಎತ್ತಲಿಲ್ಲ. ಮಂಜುಳ ದಾರಿಯುದ್ದಕ್ಕೂ ಉಗುರು ಕಚ್ಚಿದಳು.

ಮಾರನೆಯ ಬೆಳಿಗ್ಗೆ ‘ಬೀಗರ ಬಳಗ’ದಲ್ಲಿ ಕಾಟಪ್ಪನ ಗುಲಾಬಿ ಬರಲಿಲ್ಲ. ಅವನಿಂದ ಒಂದು ಸ್ಟಿಕ್ಕರು ಬಂತು: ಬಿಳಿ ಅಂಚು, ಬಿಟ್ಟ ಬಾಯಿ, ಕೈಯಲ್ಲಿ ಹಾರ, ಮಂಜುಳನ ಅಪ್ಪ. ಚಿರಂಜೀವಿ ನಕ್ಕು ಕಣ್ಣೀರು ಬಂದ ಮುಖ ಹಾಕಿದ. ಓಬಳಪ್ಪ ಆ ಗುಂಪಿನಲ್ಲಿಲ್ಲವಾದ್ದರಿಂದ ಆ ನಗು ನಗುವಾಗಿಯೇ ಉಳಿಯಿತು. ಹೇಮಶ್ರೀ ಬುರುಡೆಗಳನ್ನು ಮಂಜುಳನಿಗೆ ಬೇರೆಯಾಗಿ ಕಳಿಸಿದಳು. ಮಂಜುಳ ನಗಲಿಲ್ಲ. ಮುಗಿದ ಕೈಯನ್ನು ಈ ಸಲ ಜೋಪಾನವಾಗಿ ಹುಡುಕಿ ಕಳಿಸಿ, ಮಾವಾರ ಶ್ರಾವಣದಾಗ ದಿನ ನೋಡೂಣೇನ್ರಿ ಎಂದು ಬರೆದು ಕಾದಳು. ಹೆಣ್ಣೇ ಕೇಳಬಾರದಂತೆ, ಕೇಳಿಬಿಟ್ಟಳು.

ಟಿಕ್ಕು ನೀಲಿಯಾಯಿತು. ಕಾಟಪ್ಪ ಬರೆಯುತ್ತಿದ್ದಾನೆ ಎಂದು ಮೇಲೆ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಆಮೇಲೆ ಬಂದದ್ದು ಒಂದೇ ಒಂದು ಹೆಬ್ಬೆಟ್ಟು.

ಮಂಜುಳ ಫೋನು ಹಿಡಿದು ಅಂಗಳಕ್ಕೆ ಓಡಿದಳು. ಪಾಪಣ್ಣ ಕುರಿಮರಿಯೊಂದರ ಕಾಲಿಗೆ ಔಷಧಿ ಹಚ್ಚುತ್ತಿದ್ದ. ಅವನು ಪರದೆಯನ್ನು ಒಮ್ಮೆ ನೋಡಿ, ಕೈ ಒರೆಸಿಕೊಂಡು ಎದ್ದ.

“ನಿಮ್ಮವ್ವಗ ಹೋಳಿಗಿಗೆ ಬ್ಯಾಳಿ ನೆನಿಹಾಕು ಅನ್ನು,” ಎಂದ. “ಅವರು ಹೊಂಟಾರ.”