ಓಡಿದ ಗೋಡೆ

ಶಾಲೆಯ ಗೇಟಿನ ಮೇಲಿದ್ದ ಬ್ಯಾನರನ್ನು ಬಿಚ್ಚಿ ಹಾಕಿದ್ದಾರೆ ಎಂಬ ಸುದ್ದಿಯನ್ನು ಸ್ಟುಡಿಯೋದವನಿಗೆ ಹೇಳಿದ್ದು ಅವನ ಹೆಂಡತಿ. ಬ್ಯಾನರಿನ ಜೊತೆಗೆ ಅದರೊಳಗಿದ್ದ ತನ್ನ ಅಣ್ಣನನ್ನೂ ಕೆಲಸದಿಂದ ಇಳಿಸಿದ್ದಾರೆ ಎಂದು ಆಮೇಲೆ ಹೇಳಿದಳು. ಬೈಯಲಿಲ್ಲ, ಅಳಲಿಲ್ಲ. ತಟ್ಟೆ ತಂದು ಅವನ ಮುಂದೆ ಇಟ್ಟು, ಒಳಗೆ ಹೋಗಿ ಮಲಗಿಬಿಟ್ಟಳು. ಬೈದಿದ್ದರೆ ಅವನಿಗೆ ಊಟವಾದರೂ ಇಳಿಯುತ್ತಿತ್ತು.

ಆ ಬ್ಯಾನರಿನ ಫೋಟೋ ತೆಗೆದವನು ಅವನೇ. ಅದೇನೋ ಹೇಳುತ್ತಾರಲ್ಲ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಂತ, ಹಾಗಾಗಿತ್ತು.

ಹೆಂಡತಿಯ ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ಗೌರವಕ್ಕೆ ಹೇಳುವ ಮಾತು. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು. ಮಕ್ಕಳು ಅವನಿಗೆ 'ಆಮೆ ಅಂಕಲ್' ಎಂದು ಹೆಸರಿಟ್ಟಿದ್ದರು, ಅವನಿಗೂ ಅದು ಒಗ್ಗಿಹೋಗಿತ್ತು. ದಿನಾ ಬೆಳಿಗ್ಗೆ ಗಾಡಿಯ ಸುತ್ತ ಒಂದು ಸುತ್ತು ಹಾಕದೆ ಬೀಗದ ಕೈ ತಿರುಗಿಸುವವನಲ್ಲ. ಚಕ್ರದ ಒಂದು ನಟ್ಟಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿಕೊಂಡಿದ್ದ. ಗುರುತು ಜರುಗಿದ್ದರೆ ನಟ್ಟು ಸಡಿಲವಾಗಿದೆ ಎಂದು ಅರ್ಥ. ಅದು ಒಂದು ದಿನವೂ ಜರುಗಿದ್ದನ್ನು ಯಾರೂ ಕಂಡಿರಲಿಲ್ಲ, ಆದರೂ ನೋಡುವುದನ್ನು ಅವನು ಬಿಟ್ಟಿರಲಿಲ್ಲ.

ಹೊಸ ವರ್ಷದ ದಾಖಲಾತಿಗೆ ಶಾಲೆಯವರು ದೊಡ್ಡ ಬ್ಯಾನರ್ ಮಾಡಿಸುವವರಿದ್ದರು. ಫೋಟೋದಲ್ಲಿ ಚಲನೆ ಇರಬೇಕು, ಉತ್ಸಾಹ ಇರಬೇಕು, ನಿಂತ ಗಾಡಿ ಬೇಡ ಎಂದಿದ್ದರು ಮುಖ್ಯೋಪಾಧ್ಯಾಯಿನಿ. ಸ್ಟುಡಿಯೋದವನು ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಕಣ್ಣು ಮಂಜಾದವನು. ಗದ್ದ ಮೇಲೆ, ನಗಬೇಡಿ, ಕನ್ನಡಕ ತೆಗೆಯಿರಿ: ದಿನವಿಡೀ ಈ ಮೂರೇ ಮಾತು. ಬಹಳ ವರ್ಷದ ಮೇಲೆ ಯಾರೋ ತನ್ನಿಂದ ಒಂದು ಫೋಟೋ ಕೇಳಿದ್ದಾರೆ ಅನ್ನಿಸಿ ಮೈಯಲ್ಲಿ ಒಂದಿಷ್ಟು ಬಿಸಿ ಬಂತು.

ಶಾಲೆಯ ಎದುರಿನ ಉದ್ದನೆಯ ಇಟ್ಟಿಗೆ ಗೋಡೆ ಹಿನ್ನೆಲೆಯಾಗಲಿ ಎಂದು ರಸ್ತೆಯ ಈಚೆಗೆ ನಿಂತ. ವಿದ್ಯೆ ಹಳೆಯದೇ. ಪಾದ ಎರಡನ್ನೂ ಕ್ಲಿಕ್ಕಿಸಬೇಕಾದ ಜಾಗಕ್ಕೆ ನೇರವಾಗಿ ಊರಬೇಕು. ಸೊಂಟದಿಂದ ಮೇಲಕ್ಕೆ ಮಾತ್ರ ತಿರುಗಿ, ದೂರದಲ್ಲಿ ಬರುತ್ತಿರುವ ಗಾಡಿಯನ್ನು ಕ್ಯಾಮೆರಾದಲ್ಲಿ ಹಿಡಿದು, ಅದು ಬಂದ ಹಾಗೆ ತಾನೂ ಅದರ ಜೊತೆ ತಿರುಗಬೇಕು. ಎದುರಿಗೆ ಬಂದಾಗ ಒತ್ತಬೇಕು, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಗಾಡಿಯೂ ಕ್ಯಾಮೆರಾವೂ ಒಂದೇ ಹದದಲ್ಲಿ ಸಾಗಿದರೆ ಗಾಡಿ ಸ್ಪಷ್ಟವಾಗಿ ಉಳಿಯುತ್ತದೆ, ಹಿಂದಿನ ಗೋಡೆ ಗೆರೆಗೆರೆಯಾಗಿ ಹರಿದುಹೋಗುತ್ತದೆ. ನೋಡಿದವರಿಗೆ ಗಾಡಿ ಹಾರುತ್ತಿದೆ ಅನ್ನಿಸುತ್ತದೆ, ನಿಜವಾಗಿ ಫೋಟೋದಲ್ಲಿ ಓಡಿರುವುದು ಗೋಡೆ.

ಆದರೆ ಭಾವನ ಗಾಡಿ ಓಡಬೇಕಲ್ಲ? ಸೆಕೆಂಡಿನ ಅರವತ್ತನೇ ಒಂದು ಪಾಲಿಗೆ ಶಟರ್ ಇಟ್ಟರೆ ಇಟ್ಟಿಗೆಗಳೆಲ್ಲ ನೆಟ್ಟಗೆ ಎಣಿಸುವ ಹಾಗೆ ಬಂದವು, ವ್ಯಾನು ಕೆಟ್ಟು ನಿಂತ ಹಾಗಿತ್ತು. ಸ್ವಲ್ಪ ಜೋರಾಗಿ ಬನ್ನಿ ಎಂದು ಬೇಡಿಕೊಂಡ. ಒಳಗೆ ಮಕ್ಕಳಿದ್ದಾರೆ, ರಸ್ತೆ ಬದಿಯಲ್ಲಿ ನೀವು ಬೇರೆ ನಿಂತಿದ್ದೀರಿ, ಮನುಷ್ಯ ಕಂಡರೆ ತನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ ಎಂದ ಭಾವ. ಗಾಡಿ ಜೋರಾಗದಿದ್ದರೆ ಶಟರನ್ನೇ ನಿಧಾನ ಮಾಡುವುದು. ಸ್ಟುಡಿಯೋದವನು ಹದಿನೈದನೇ ಒಂದು ಪಾಲಿಗೆ ಇಳಿಸಿದ. ಅಷ್ಟು ಹೊತ್ತು ಶಟರ್ ತೆರೆದಿದ್ದರೆ ಉಸಿರಾಡಿದರೂ ಫೋಟೋ ಕೆಡುತ್ತದೆ. ವ್ಯಾನು ಹೋಗಿ ಬಂದು, ಹೋಗಿ ಬಂದು, ಮಕ್ಕಳಿಗೂ ಸಾಕಾಗಿ, ಅವನ ಸೊಂಟ ಹಿಡಿದುಕೊಂಡ ಮೇಲೆ ಒಂದು ಸರಿಯಾಗಿ ಬಿತ್ತು. ಸ್ಟೀರಿಂಗಿನ ಹಿಂದೆ ಭಾವನ ಮುಖ ಕಡೆದಿಟ್ಟ ಹಾಗೆ. ಹಿಂದೆ ಗೋಡೆ ಇಡೀ ಕೆಂಪು ಹೊಳೆ. ಅವನಿಗೆ ತನ್ನ ಕೈಯನ್ನೇ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು.

ಬ್ಯಾನರ್ ಏರಿ ಒಂದು ವಾರ ಆಗಿರಲಿಲ್ಲ, ತಂದೆತಾಯಿಯರ ವಾಟ್ಸಾಪ್ ಗುಂಪಿನಲ್ಲಿ ಗುಲ್ಲೆದ್ದಿತು. ನಮ್ಮ ಮಕ್ಕಳನ್ನು ಕೂರಿಸಿಕೊಂಡು ಇಷ್ಟು ವೇಗವೇ? ಶಾಲೆಯವರು ಇದನ್ನು ಬೇರೆ ಹೆಮ್ಮೆಯಿಂದ ತೂಗುಹಾಕಿದ್ದಾರೆ! ಫೋಟೋದಲ್ಲಿ ವ್ಯಾನಿನ ಮೂರನೇ ಕಿಟಕಿಯಲ್ಲಿ ಕಾಣುತ್ತಿದ್ದ ಹುಡುಗಿಯ ತಾಯಿ, ನನ್ನ ಮಗಳು ಹೆದರಿ ಕಿರುಚುತ್ತಿರುವುದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಬರೆದಳು. ಹುಡುಗಿ ಆಕಳಿಸುತ್ತಿದ್ದಳು. ಗಾಡಿ ಅಷ್ಟು ನಿಧಾನವಿತ್ತು. ಆದರೆ ಆಕಳಿಕೆಗೂ ಕಿರುಚಾಟಕ್ಕೂ ಬಾಯಿ ತೆರೆಯುವುದು ಒಂದೇ ರೀತಿ, ಫೋಟೋಗೆ ಕಿವಿ ಇಲ್ಲ.

ಭಾವನ ಕೈಯಿಂದ ಬೀಗದ ಕೈ ಇಸಿದುಕೊಂಡರು. ಅವನು ಕೊಟ್ಟು, ನಡೆದೇ ಮನೆಗೆ ಹೋದನಂತೆ. ಅವನ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ಡ್ರೈವರ್ ತಿರುವಿನಲ್ಲೂ ಹಾರನ್ ಒತ್ತಿಕೊಂಡೇ ನುಗ್ಗುತ್ತಿದ್ದ. ಮಕ್ಕಳು ಬೇಗ ಮನೆ ಸೇರುತ್ತಿದ್ದಾರೆ ಎಂದು ಅದೇ ಗುಂಪಿನಲ್ಲಿ ಅವನನ್ನು ಹೊಗಳಿದರು. ಅದನ್ನು ಓದಿದ ದಿನ ಸ್ಟುಡಿಯೋದವನು ಮಧ್ಯಾಹ್ನವೇ ಬಾಗಿಲು ಎಳೆದುಕೊಂಡು ಕುರ್ಚಿಯಲ್ಲಿ ಸುಮ್ಮನೆ ಕೂತ. ಬೇಜಾರಿಗಿಂತ ದಣಿವೇ ಹೆಚ್ಚಾಗಿತ್ತು. ಈ ಜನಕ್ಕೆ ಎಲ್ಲಿಂದ ಶುರುಮಾಡಿ ಏನು ಹೇಳುವುದು?

ಕೂತು ಕೂತು ಅದೇ ಫೋಟೋವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತಿದ್ದಾಗ ಚಕ್ರ ಕಂಡಿತು. ನಟ್ಟಿನ ಮೇಲಿನ ಬಿಳಿ ಗುರುತು ಚುಕ್ಕೆಯಾಗಿ ಉಳಿದಿರಲಿಲ್ಲ, ಬಳೆಯ ಚೂರಿನಂತೆ ಬಾಗಿದ ಗೆರೆಯಾಗಿತ್ತು. ಶಟರ್ ತೆರೆದಿದ್ದಷ್ಟು ಹೊತ್ತು ಚಕ್ರ ಎಷ್ಟು ಉರುಳಿತೋ ಅಷ್ಟೇ ಉದ್ದದ ಗೆರೆ. ಅಳೆದು ನೋಡಿದ: ಪೂರ್ತಿ ಸುತ್ತಿನ ಐದನೇ ಒಂದು ಪಾಲು. ಚಕ್ರದ ಸುತ್ತಳತೆ ಗೊತ್ತು, ಶಟರಿನ ಹೊತ್ತು ಗೊತ್ತು. ಲೆಕ್ಕ ಹಾಕಿದರೆ ಗಂಟೆಗೆ ಇಪ್ಪತ್ತು ಕಿಲೋಮೀಟರು. ಅರವತ್ತರಲ್ಲಿ ಹೋಗಿದ್ದರೆ ಗೆರೆ ಅರ್ಧ ಸುತ್ತು ದಾಟಬೇಕಿತ್ತು. ಭಾವ ತನ್ನ ಎಚ್ಚರಿಕೆಗೆಂದು ಹಚ್ಚಿಕೊಂಡ ಬಣ್ಣವೇ ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಸ್ಟುಡಿಯೋದವನ ಕಣ್ಣು ತುಂಬಿ ಬಂತು.

ಮರುದಿನ ಚಕ್ರದ ಫೋಟೋ ದೊಡ್ಡದಾಗಿ ಪ್ರಿಂಟು ಹಾಕಿಕೊಂಡು ಶಾಲೆಗೆ ಹೋದ. ಮುಖ್ಯೋಪಾಧ್ಯಾಯಿನಿ ಹಿಂದೊಮ್ಮೆ ಗಣಿತ ಕಲಿಸಿದವರು. ಅವನು ಅರ್ಧ ಹೇಳುವಷ್ಟರಲ್ಲೇ ಉಳಿದರ್ಧ ಅವರಿಗೆ ತಿಳಿಯಿತು. ಪೆನ್ಸಿಲ್ ತೆಗೆದುಕೊಂಡು ತಾವೇ ಒಮ್ಮೆ ಗುಣಿಸಿ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಅವರೂ ದಣಿದಿದ್ದರು.

"ನನಗೆ ಅರ್ಥ ಆಯ್ತು. ಅವರು ಜೋರಾಗಿ ಓಡಿಸೋರಲ್ಲ ಅಂತ ನನಗೆ ಮೊದಲೂ ಗೊತ್ತಿತ್ತು," ಎಂದರು. "ಆದ್ರೆ ಗೇಟಲ್ಲಿ ನಿಂತ್ಕೊಂಡು ಒಬ್ಬೊಬ್ಬರಿಗೂ ಈ ಚಕ್ರ ತೋರಿಸ್ತಾ ಇರೋಕಾಗುತ್ತಾ? ಅವರು ನೋಡಿರೋದು ಫೋಟೋ. ಫೋಟೋಗೆ ಫೋಟೋನೇ ಉತ್ತರ ಕೊಡಬೇಕು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಕಾಪಿ ಬರೆಸುವ ಶಾಲೆ ಅದು. ಹೊಸ ಫೋಟೋ ಹೇಗಿರಬೇಕು ಎಂದೂ ಅವರೇ ಹೇಳಿದರು. ಅದೇ ವ್ಯಾನು, ಅದೇ ಡ್ರೈವರು, ಅದೇ ಗೋಡೆ. ಆದರೆ ಫೋಟೋ ನೋಡಿದರೆ ಮನಸ್ಸಿಗೆ ಸಮಾಧಾನ ಆಗಬೇಕು, ಗಾಡಿ ನಿಧಾನವಾಗಿ ಬರುತ್ತಿರುವಂತಿರಬೇಕು. ಅದು ಗೇಟಿಗೇರಿ ಜನ ಸುಮ್ಮನಾದರೆ ಬೀಗದ ಕೈ ವಾಪಸು ಕೊಡುತ್ತೇನೆ ಎಂದರು ಮುಖ್ಯೋಪಾಧ್ಯಾಯಿನಿ.

ರಜೆಯ ದಿನ ಬೆಳಿಗ್ಗೆ ಖಾಲಿ ವ್ಯಾನು ತಂದರು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಮುಖ ಮಾತ್ರ ಇಳಿದುಹೋಗಿತ್ತು. ಸ್ಟುಡಿಯೋದವನು ಕ್ಷಮಿಸಿ ಎನ್ನಲು ಬಾಯಿ ತೆರೆದ, ಭಾವ ಅಷ್ಟರಲ್ಲಿ ಗಾಡಿಯ ಸುತ್ತು ಹಾಕಲು ಹೋಗಿಬಿಟ್ಟ. ನಟ್ಟು ಮುಟ್ಟಿ ನೋಡಿದ. ಯಾವಾಗಿನ ಹಾಗೆ ಬನ್ನಿ ಸಾಕು ಎಂದು ಇವನು ಹೇಳುತ್ತಿದ್ದಂತೆಯೇ ಗಾಡಿ ಹತ್ತಿ ಬಾಗಿಲು ಎಳೆದುಕೊಂಡ.

ಬಿಸಿಲು ಚೆನ್ನಾಗಿತ್ತು. ಒಂದು ನೂಲಿನಷ್ಟೂ ಅಲುಗಿದ ಗೆರೆ ಬೀಳಬಾರದು ಎಂದು ಶಟರನ್ನು ಸೆಕೆಂಡಿನ ನಾಲ್ಕು ಸಾವಿರನೇ ಒಂದು ಪಾಲಿಗೆ ಇಟ್ಟ. ಈ ಸಲ ತಿರುಗುವ ಕೆಲಸವೂ ಇಲ್ಲ, ಸೊಂಟಕ್ಕೆ ರಜ. ಕ್ಯಾಮೆರಾವನ್ನು ಗೋಡೆಗೆ ನೇರ ಹಿಡಿದು ಕಾದ.

ಎಂಜಿನ್ನಿನ ಸದ್ದು ಮೊದಲು ಬಂತು. ಅದು ಭಾವನ ಸದ್ದಲ್ಲ. ಕಣ್ಣೆತ್ತುವಷ್ಟರಲ್ಲಿ ವ್ಯಾನು ಎದುರಿಗೇ ಇತ್ತು. ಬೆರಳು ಅಭ್ಯಾಸಬಲದಿಂದ ಒತ್ತಿತು, ಅಷ್ಟೆ. ಗಾಳಿ ಅಂಗಿಯನ್ನು ಎಳೆದಾಡಿತು, ಧೂಳು ಬಾಯಿಗೆ ಬಂತು, ವ್ಯಾನು ತಿರುವಿನಾಚೆ ಕಾಣದಾಯಿತು. ಸ್ಟುಡಿಯೋದವನು ರಸ್ತೆಯ ಅಂಚಿನಲ್ಲಿ ಕುಸಿದು ಕೂತ. ಎಲ್ಲಾದರೂ ಗುದ್ದಿದ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟ. ಬರಲಿಲ್ಲ.

ಬಹಳ ಹೊತ್ತಿನ ಮೇಲೆ ವ್ಯಾನು ಎಂದಿನ ಆಮೆ ನಡಿಗೆಯಲ್ಲಿ ವಾಪಸು ಬಂತು. ಭಾವ ಇಳಿದು ಬಂದು ಅವನ ಪಕ್ಕದಲ್ಲೇ ಕೂತ.

"ಮಾಡದೇ ಇರೋ ತಪ್ಪಿಗೆ ಇಷ್ಟು ಅನ್ನಿಸ್ಕೊಂಡೆ. ಒಂದ್ಸಲ ಮಾಡಿ ನೋಡೋಣ ಅನ್ನಿಸ್ತು," ಎಂದ.

"ಹೇಗಿತ್ತು ಭಾವ?"

"ಹೆದರಿಕೆ ಆಯ್ತು."

ಇಬ್ಬರೂ ಕ್ಯಾಮೆರಾದ ಪರದೆಯ ಮೇಲೆ ಬಗ್ಗಿದರು. ಗೋಡೆಯ ಒಂದೊಂದು ಇಟ್ಟಿಗೆಯೂ ತನ್ನ ಜಾಗದಲ್ಲಿ ಭದ್ರವಾಗಿತ್ತು. ವ್ಯಾನು ನಿಲ್ಲಿಸಿಟ್ಟ ಬೀರುವಿನ ಹಾಗೆ ನಿಂತಿತ್ತು. ಚಕ್ರದ ನಟ್ಟಿನ ಮೇಲೆ ಬಿಳಿ ಗುರುತು ಬರೀ ಚುಕ್ಕೆ. ಭಾವನ ಮುಖದಲ್ಲಿ ಹಲ್ಲು ಕಚ್ಚಿ ಹಿಡಿದ ಬಿಗಿ ಇತ್ತು, ಗೊತ್ತಿಲ್ಲದವರಿಗೆ ಅದು ಜವಾಬ್ದಾರಿಯಂತೆ ಕಾಣುತ್ತಿತ್ತು. ಭಾವ ತುಂಬ ಹೊತ್ತು ನೋಡಿ, ಇನ್ನೊಂದು ಸಲ ನಿಧಾನವಾಗಿ ಬರಲೇ ಎಂದು ಕೇಳಿದ. ನಿಧಾನವಾಗಿ ಬಂದರೂ ಇದೇ ಥರ ಬೀಳುತ್ತದೆ, ಬೇಡ ಎಂದ ಸ್ಟುಡಿಯೋದವನು. ಭಾವ ನಕ್ಕುಬಿಟ್ಟ. ಬ್ಯಾನರ್ ಇಳಿದ ಮೇಲೆ ಅವನು ನಕ್ಕಿದ್ದು ಅದೇ ಮೊದಲು, ಆದರೆ ಆ ನಗುವಿನಲ್ಲಿ ಸುಖ ಇರಲಿಲ್ಲ.

ಹೊಸ ಬ್ಯಾನರ್ ಗೇಟಿಗೇರಿತು. 'ನಿಮ್ಮ ಮಕ್ಕಳ ಸುರಕ್ಷತೆ ನಮ್ಮ ಹೊಣೆ' ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ವಾಟ್ಸಾಪ್ ಗುಂಪು ತಣ್ಣಗಾಯಿತು, ಬೀಗದ ಕೈ ಭಾವನ ಕೈಗೆ ಮರಳಿತು, ಹೆಂಡತಿ ಮನೆಯಲ್ಲಿ ಮತ್ತೆ ಬೈಯಲು ಶುರುಮಾಡಿದಳು.

ಒಂದು ಸಂಜೆ ಬ್ಯಾನರಿನ ಹಗ್ಗ ಸಡಿಲವಾಗಿದೆ ಎಂದು ಬಿಗಿಯಲು ಹೋಗಿದ್ದ ಸ್ಟುಡಿಯೋದವನನ್ನು ಮೂರನೇ ಕಿಟಕಿಯ ಹುಡುಗಿಯ ತಾಯಿ ಗುರುತು ಹಿಡಿದಳು. ಅವಳಿಗೆ ಕೋಪವೇನೂ ಉಳಿದಿರಲಿಲ್ಲ. ಫೋಟೋ ಕಡೆಗೆ ಕೈ ತೋರಿಸಿ, ಮೆಚ್ಚುಗೆಯಿಂದಲೇ ಹೇಳಿದಳು:

"ನೋಡಿ, ಹೀಗೆ ಓಡಿಸಬೇಕು ಅಂತಲೇ ನಾವು ಹೇಳಿದ್ದು."

ಅವನು ಏಣಿಯ ಮೇಲಿಂದ ಹೌದು ಎಂದ. ಅಷ್ಟರಲ್ಲಿ ಗೇಟಿನಿಂದ ವ್ಯಾನು ಹೊರಬಂತು. ರಸ್ತೆ ಬದಿಯಲ್ಲಿ ಮನುಷ್ಯರಿದ್ದದ್ದು ಕಂಡು ಇನ್ನಷ್ಟು ನಿಧಾನವಾಯಿತು. ಮೂರನೇ ಕಿಟಕಿಯಲ್ಲಿ ಹುಡುಗಿ ತಾಯಿಯ ಕಡೆ ನೋಡಿ ಬಾಯಿ ಅಗಲಿಸಿ ಆಕಳಿಸಿದಳು.